ಹಳೆ ವಿಡಿಯೋ ತಾನಾಗಿಯೇ ಮತ್ತೆ ಪೋಸ್ಟ್ ಆದಾಗ ಲೈಸೆನ್ಸ್ ಯಾರು ನೋಡಬೇಕು?

ಹಳೇಕ್ಯೂ

ಎಲ್ಲರಿಗೂ ನಮಸ್ಕಾರ. ಖಗೋಳದ ಬಗ್ಗೆ ಸಣ್ಣ ವಿಡಿಯೋ ಮಾಡುವ ಒಂದು ಗುಂಪಿನ ಪೋಸ್ಟಿಂಗ್ ಕೆಲಸ ನನ್ನದು. 2021ರಿಂದ ಮಾಡಿದ ವಿಡಿಯೋಗಳೆಲ್ಲ ಒಂದೇ ಫೋಲ್ಡರ್‌ನಲ್ಲಿವೆ. ಆರು ತಿಂಗಳಿಂದ ಹಾಕದೇ ಇರುವ ಒಂದನ್ನು ಸ್ಕ್ರಿಪ್ಟ್ ಆರಿಸುತ್ತದೆ. ಮೊಬೈಲ್‌ಗೆ ಹೊಂದುವಂತೆ ಅಕ್ಕಪಕ್ಕ ಕತ್ತರಿಸುತ್ತದೆ. ಟೆಂಪ್ಲೇಟ್‌ನಿಂದ ಹೊಸ ಕ್ಯಾಪ್ಷನ್ ಹಾಕಿ, ಮುಂದಿನ ವಾರಗಳಿಗೆ ಶೆಡ್ಯೂಲ್ ಮಾಡುತ್ತದೆ. ನಾವು ಯಾರೂ ಕೈ ಹಾಕುವುದಿಲ್ಲ.

ಹೋದ ತಿಂಗಳು ಹೀಗೆ ಹೋದ ಒಂದು ನೆಬ್ಯುಲಾ ವಿಡಿಯೋಗೆ ಯೂಟ್ಯೂಬ್‌ನಲ್ಲಿ ಮ್ಯೂಸಿಕ್ ಕ್ಲೇಮ್ ಬಂತು. ಇದೇ ವಿಡಿಯೋ 2022ರಲ್ಲಿ ಇದೇ ಚಾನೆಲ್‌ಗೆ ಹೋಗಿತ್ತು. ಅದು ಇವತ್ತಿಗೂ ಹಾಗೇ ಇದೆ, ಕ್ಲೇಮ್ ಇಲ್ಲ. ಸದ್ದು ಒಂದೇ, ಚಾನೆಲ್ ಒಂದೇ. ಒಂದಕ್ಕೆ ಬಂದು ಇನ್ನೊಂದಕ್ಕೆ ಬರದಿರಲು ಕಾರಣವೇನು? ಇನ್ನು ಮುಂದೆ ಸ್ಕ್ರಿಪ್ಟ್ ಏನನ್ನು ನೋಡಬೇಕು, ಯಾವ ಹಂತದಲ್ಲಿ ನೋಡಬೇಕು?

ಸೀದಾಸಾದಾ

ದುಡ್ಡು ಕೊಟ್ಟು ತಗೊಂಡ ಮ್ಯೂಸಿಕ್ ತಾನೇ? ಹಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಒಮ್ಮೆ ಲೈಸೆನ್ಸ್ ಇದ್ದರೆ ಯಾವತ್ತಿಗೂ ಇದ್ದ ಹಾಗೆ. ಕ್ಲೇಮ್ ಪಕ್ಕದಲ್ಲೇ ಡಿಸ್ಪ್ಯೂಟ್ ಬಟನ್ ಇರುತ್ತದೆ. ಹಳೆ ಬಿಲ್ಲು ತೋರಿಸಿ, ಒತ್ತಿ, ಮುಗೀತು. ನಾನು ಹಾಗೇ ಮಾಡಿದ್ದೇನೆ, ಎರಡೇ ದಿನದಲ್ಲಿ ಬಿಟ್ಟುಕೊಟ್ಟರು.

ಕರಾರುಪತ್ರ

ಸ್ವಲ್ಪ ತಡೆಯಿರಿ, ಈಗಲೇ ಡಿಸ್ಪ್ಯೂಟ್ ಒತ್ತಬೇಡಿ. ಹಳೇಕ್ಯೂ ಅವರೇ, ಆ ಟ್ರ್ಯಾಕ್ ಬಿಡಿಯಾಗಿ ಕೊಂಡದ್ದಾ, ತಿಂಗಳ ಸಬ್‌ಸ್ಕ್ರಿಪ್ಷನ್‌ನಲ್ಲಿ ಇಳಿಸಿಕೊಂಡದ್ದಾ? ಸಬ್‌ಸ್ಕ್ರಿಪ್ಷನ್ ಆಗಿದ್ದರೆ ಅದು ಈಗ ಚಾಲ್ತಿಯಲ್ಲಿದೆಯಾ?

ಹಳೇಕ್ಯೂ

ಸಬ್‌ಸ್ಕ್ರಿಪ್ಷನ್ ಮೇಡಂ. 2024ರ ಮಾರ್ಚ್‌ನಲ್ಲಿ ನಿಲ್ಲಿಸಿದೆವು. ಆಗ ಹೊಸ ವಿಡಿಯೋ ಮಾಡುತ್ತಿರಲಿಲ್ಲ, ಸುಮ್ನೆ ದುಡ್ಡು ಹೋಗುತ್ತಿತ್ತು.

ಕರಾರುಪತ್ರ

ಉತ್ತರ ಅಲ್ಲೇ ಇದೆ. ನಾನು ಕೆಲವು ವರ್ಷ ಮ್ಯೂಸಿಕ್ ಲೈಸೆನ್ಸಿಂಗ್ ಕಡೆಯೇ ಕೆಲಸ ಮಾಡಿದವಳು. ಈ ಪ್ರಶ್ನೆ ಅಲ್ಲಿಗೆ ಪದೇ ಪದೇ ಬರುತ್ತಿತ್ತು.

ಸಬ್‌ಸ್ಕ್ರಿಪ್ಷನ್ ಲೈಬ್ರರಿಗಳ ಕರಾರು ಸಾಮಾನ್ಯವಾಗಿ ಫೈಲ್‌ಗೆ ಅಂಟಿಕೊಂಡಿರುವುದಿಲ್ಲ. ನೀವು ಪಬ್ಲಿಷ್ ಮಾಡಿದ ದಿನಕ್ಕೆ ಅಂಟಿಕೊಂಡಿರುತ್ತದೆ. ಸಬ್‌ಸ್ಕ್ರಿಪ್ಷನ್ ಇದ್ದಾಗ ಹಾಕಿದ ವಿಡಿಯೋ ಮುಂದೆ ಎಷ್ಟು ವರ್ಷ ಬೇಕಾದರೂ ಅಲ್ಲೇ ಇರಬಹುದು. ಸಬ್‌ಸ್ಕ್ರಿಪ್ಷನ್ ಮುಗಿದ ಮೇಲೆ ಅದೇ ಟ್ರ್ಯಾಕ್ ಇಟ್ಟು ಹೊಸದಾಗಿ ಏನನ್ನೂ ಹಾಕುವ ಹಾಗಿಲ್ಲ. ಟ್ರ್ಯಾಕ್ ನಿಮ್ಮ ಡಿಸ್ಕ್‌ನಲ್ಲಿ ಕೂತಿದ್ದರೂ ಅಷ್ಟೇ. ನಿಮ್ಮ ಸ್ಕ್ರಿಪ್ಟ್‌ಗೆ ಅದು "ಹಳೆ ವಿಡಿಯೋ". ಕರಾರಿನ ಲೆಕ್ಕದಲ್ಲಿ ಹೋದ ತಿಂಗಳು ಹೊಸದಾಗಿ ಪಬ್ಲಿಷ್ ಆದ ವಿಡಿಯೋ.

ಒಂದಕ್ಕೆ ಕ್ಲೇಮ್ ಬಂದು ಇನ್ನೊಂದಕ್ಕೆ ಯಾಕೆ ಬರಲಿಲ್ಲ ಅಂದರೆ, ಯೂಟ್ಯೂಬ್‌ನಲ್ಲಿ ಕ್ಲೇಮ್ ಹಾಕುವ ಕಂಟೆಂಟ್ ಐಡಿ ವ್ಯವಸ್ಥೆಗೆ ನಿಮ್ಮ ಬಿಲ್ಲೂ ಗೊತ್ತಿಲ್ಲ, ಕರಾರೂ ಗೊತ್ತಿಲ್ಲ. ಅದು ಸದ್ದನ್ನು ಹೋಲಿಸುತ್ತದೆ, ಅಷ್ಟೇ. ನೀವು ಚಂದಾದಾರರಾಗಿದ್ದಾಗ ಲೈಬ್ರರಿಯವರು ನಿಮ್ಮ ಚಾನೆಲ್ಲನ್ನು "ಇವರಿಗೆ ಕ್ಲೇಮ್ ಹಾಕಬೇಡಿ" ಅನ್ನುವ ಪಟ್ಟಿಯಲ್ಲಿ ಇಟ್ಟಿರುತ್ತಾರೆ. ನಿಲ್ಲಿಸಿದ ಮೇಲೆ ಚಾನೆಲ್ ಪಟ್ಟಿಯಿಂದ ಹೊರಗೆ ಬರುತ್ತದೆ. ಆಗಲೇ ಬಿಡುಗಡೆ ಆಗಿದ್ದ ಹಳೆ ವಿಡಿಯೋಗಳು ಹಾಗೇ ಉಳಿಯುತ್ತವೆ. ಆಮೇಲೆ ಅಪ್‌ಲೋಡ್ ಆದದ್ದು ಹೊಸದಾಗಿ ಬಲೆಗೆ ಬೀಳುತ್ತದೆ.

ಡಿಸ್ಪ್ಯೂಟ್ ಬೇಡ ಅಂದದ್ದಕ್ಕೂ ಕಾರಣ ಇದೆ. ಕ್ಲೇಮ್ ಹಾಕಿದವರಿಗೆ ಉತ್ತರ ಕೊಡಲು 30 ದಿನ ಸಮಯ ಇರುತ್ತದೆ. ಅವರು ಒಪ್ಪದೆ, ನೀವು ಅಪೀಲ್ ಮಾಡಿ, ಆಗಲೂ ಅವರು ಒಪ್ಪದಿದ್ದರೆ ವಿಡಿಯೋ ತೆಗೆಸುವ ನೋಟಿಸ್ ಕೊಡಬಹುದು. ಆಗ ಚಾನೆಲ್‌ಗೆ ಸ್ಟ್ರೈಕ್ ಬೀಳುತ್ತದೆ. 90 ದಿನದೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗಬಹುದು. ಬರೀ ಕ್ಲೇಮ್‌ನಿಂದ ಸ್ಟ್ರೈಕ್ ಬರುವುದಿಲ್ಲ. ಸೀದಾಸಾದಾ ಅವರ ವಿಷಯದಲ್ಲಿ ಬಹುಶಃ ಲೈಸೆನ್ಸ್ ಚಾಲ್ತಿಯಲ್ಲಿತ್ತು, ಆದ್ದರಿಂದ ಬಿಟ್ಟರು. ಇಲ್ಲಿ ಇಲ್ಲ.

ಸೀದಾಸಾದಾ

ಹೌದು, ನನ್ನದು ಬಿಡಿಯಾಗಿ ಕೊಂಡ ಟ್ರ್ಯಾಕ್. ಆದರೂ ಇದು ಅನ್ಯಾಯ ಅಲ್ವಾ? ಅದೇ ಪೋಸ್ಟನ್ನು ಮತ್ತೆ ಶೇರ್ ಮಾಡಿದರೆ ಪರವಾಗಿಲ್ಲ, ಅದೇ ಫೈಲನ್ನು ಮತ್ತೆ ಹಾಕಿದರೆ ತಪ್ಪು ಅಂತಾನಾ?

ಕರಾರುಪತ್ರ

ಹಾಗೇ ಅನ್ನಿ. 2022ರ ವಿಡಿಯೋದ ಲಿಂಕನ್ನೇ ಮತ್ತೆ ಹಂಚಿದರೆ ಹೊಸ ಅಪ್‌ಲೋಡ್ ಆಗುವುದಿಲ್ಲ, ಹಳೆ ಬಿಡುಗಡೆಯ ನೆರಳಲ್ಲೇ ಇರುತ್ತೀರಿ. ನ್ಯಾಯ ಅನ್ಯಾಯ ಬೇರೆ ಮಾತು. ಆದರೆ ಇದರಲ್ಲಿ ಒಂದು ಒಳ್ಳೆ ದಾರಿಯೂ ಇದೆ. ಲೈಸೆನ್ಸ್ ಮುಗಿದ ವಿಡಿಯೋ ಬಂದಾಗ ಸ್ಕ್ರಿಪ್ಟ್ ಅದನ್ನು ಮತ್ತೆ ಏರಿಸದೆ, ಹಳೆ ಪೋಸ್ಟಿನ ಲಿಂಕನ್ನು ಹೊಸ ಮಾತಿನ ಜೊತೆ ಹಾಕಲಿ. ನೋಡುವವರ ಸಂಖ್ಯೆ ಕಡಿಮೆಯಾಗಬಹುದು, ನಿಜ.

ರೀಲ್‌ರಾಣಿ

ಇಷ್ಟೆಲ್ಲ ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ. ನಾನು ದಿನಾ ಇನ್‌ಸ್ಟಾಗ್ರಾಮ್‌ನಲ್ಲೇ ಇರುವ ಹಾಡುಗಳನ್ನು ಹಾಕುತ್ತೇನೆ. ಒಂದು ಸಲವೂ ಏನೂ ಆಗಿಲ್ಲ. ಆ್ಯಪ್‌ನವರೇ ಕೊಟ್ಟ ಹಾಡು ಬಳಸಿ, ಲೈಸೆನ್ಸ್ ಅವರ ತಲೆನೋವು!

ಕ್ರಾನ್‌ಜಾಬ್

ರಾಣಿ ಅವರೇ, ನೀವು ಫೋನ್‌ನಲ್ಲಿ ಕೈಯಿಂದ ಹಾಕುವ ಮಾತು ಹೇಳುತ್ತಿದ್ದೀರಿ. ಇಲ್ಲಿ ಸ್ಕ್ರಿಪ್ಟ್ ಹಾಕುತ್ತಿದೆ. ಸ್ಕ್ರಿಪ್ಟ್ ಕಳಿಸುವುದು ಒಂದು mp4 ಫೈಲ್. ಅದರೊಳಗೆ ಯಾವ ಸದ್ದಿದೆಯೋ ಅದೇ ಹೋಗುತ್ತದೆ. ಆ್ಯಪ್ ಒಳಗಿನ ಹಾಡಿಗೆ ಇರುವ ಅನುಮತಿ ಆ ಫೈಲ್‌ಗೆ ಬರುವುದಿಲ್ಲ.

ನಾನು ನೋಡಿದ ಅತಿ ಕೆಟ್ಟ ಫೋಲ್ಡರ್ ಅಂದರೆ, ಆ್ಯಪ್‌ನಲ್ಲಿ ಹಾಡು ಸೇರಿಸಿ, ಸ್ಕ್ರೀನ್ ರೆಕಾರ್ಡ್ ಮಾಡಿ, ಅದನ್ನು "ಮಾಸ್ಟರ್" ಅಂತ ಇಟ್ಟುಕೊಂಡವರದ್ದು. ಎರಡು ವರ್ಷ ಬಿಟ್ಟು ಅದೇ ಫೈಲನ್ನು ಆಟೊಮೇಷನ್ ಇನ್ನೊಂದು ಜಾಲತಾಣಕ್ಕೆ ಕಳಿಸುತ್ತದೆ. ಹಾಡು ಒಳಗೆ ಬೆರೆತುಹೋಗಿದೆ, ಬೇರ್ಪಡಿಸಲು ಆಗುವುದಿಲ್ಲ.

ರೀಲ್‌ರಾಣಿ

ಓ, ಹಾಗಾ. ಆದರೆ ನಮ್ಮ ಅಂಗಡಿ ಪೇಜಿಗೆ ಕೆಲವು ಹಾಡು ಕಾಣಿಸುವುದೇ ಇಲ್ಲ, ನನ್ನ ಸ್ವಂತ ಅಕೌಂಟಿಗೆ ಕಾಣಿಸುತ್ತವೆ. ಅದೂ ಇದಕ್ಕೇನಾ?

ಕರಾರುಪತ್ರ

ಅದಕ್ಕೇ. ಆ ಹಾಡುಗಳ ಅನುಮತಿ ಇರುವುದು ಸ್ವಂತ ಬಳಕೆಗೆ, ವ್ಯಾಪಾರಕ್ಕಲ್ಲ. ಬಿಸಿನೆಸ್ ಅಕೌಂಟ್‌ಗಳಿಗಾಗಿ ಮೆಟಾದವರ ಸೌಂಡ್ ಕಲೆಕ್ಷನ್ ಅಂತ ಬೇರೆಯೇ ಇದೆ. ಟಿಕ್‌ಟಾಕ್‌ನಲ್ಲೂ ವ್ಯಾಪಾರದ ಬಳಕೆಗೆ ಬೇರೆ ಲೈಬ್ರರಿ ಇಟ್ಟಿದ್ದಾರೆ. ಒಂದರಿಂದ ಎತ್ತಿದ್ದನ್ನು ಇನ್ನೊಂದರಲ್ಲಿ ಹಾಕುವ ಮೊದಲು ಅದರ ನಿಯಮ ಓದಿ.

ನೆರಳುಬೆಳಕು

ಮ್ಯೂಸಿಕ್‌ಗೆ ಕ್ಲೇಮ್ ಆದರೂ ಬರುತ್ತದೆ. ಫೋಟೋದವರ ಪಾಡು ಕೇಳಿ. ನಾನು ರಾತ್ರಿ ಆಕಾಶದ ಫೋಟೋ ತೆಗೆಯುವವನು. ಕೆಲವನ್ನು ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ 4.0 ಲೈಸೆನ್ಸ್‌ನಲ್ಲಿ ಬಿಟ್ಟಿದ್ದೇನೆ. ಯಾರು ಬೇಕಾದರೂ ಬಳಸಲಿ, ಹೆಸರು ಹಾಕಲಿ, ಅಷ್ಟೇ. ಒಂದು ಪೇಜಿನವರು ಮೊದಲ ಸಲ ಹಾಕಿದಾಗ ಕ್ಯಾಪ್ಷನ್‌ನಲ್ಲಿ ಚೆನ್ನಾಗಿ ಹೆಸರು ಹಾಕಿದ್ದರು. ಆಮೇಲೆ ಅದೇ ಫೋಟೋ ಮತ್ತೆ ಮತ್ತೆ ಬಂತು, ಪ್ರತಿ ಸಲ ಹೊಸ ಕ್ಯಾಪ್ಷನ್, ನನ್ನ ಹೆಸರು ಇಲ್ಲ. ಕೇಳಿದರೆ "ಅದು ಆಟೊಮ್ಯಾಟಿಕ್ ಸರ್" ಅಂದರು. ನನ್ನ ಫೈಲ್‌ನ ಮೆಟಾಡೇಟಾದಲ್ಲಿ ಹೆಸರು, ಲೈಸೆನ್ಸ್ ಎಲ್ಲ ತುಂಬಿಟ್ಟಿದ್ದೆ. ಅವರ ಫೈಲ್‌ನಲ್ಲಿ ಅದೂ ಇರಲಿಲ್ಲ.

ಕ್ರಾನ್‌ಜಾಬ್

ಮೆಟಾಡೇಟಾ ಹೋಗುವುದು ಗಾತ್ರ ಬದಲಿಸುವ ಹಂತದಲ್ಲಿ. ಫೈಲ್ ಚಿಕ್ಕದಾಗಲಿ ಅಂತ ತುಂಬಾ ಜನ ಇಮೇಜ್‌ಮ್ಯಾಜಿಕ್‌ಗೆ `-strip` ಕೊಟ್ಟಿರುತ್ತಾರೆ. ಅದು ಎಲ್ಲವನ್ನೂ ಒರೆಸಿ ಹಾಕುತ್ತದೆ. ಸೋಷಿಯಲ್ ಮೀಡಿಯಾಗೆ ಏರಿಸಿ, ಮತ್ತೆ ಇಳಿಸಿಕೊಂಡ ಪ್ರತಿಯಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಫೈಲ್‌ನಲ್ಲಿ ಲೈಸೆನ್ಸ್ ಕಾಣಲಿಲ್ಲ ಅಂದರೆ ಲೈಸೆನ್ಸ್ ಬೇಕಿಲ್ಲ ಅಂತ ಅರ್ಥ ಅಲ್ಲ. ನಿಮ್ಮ ಮೂಲ ಫೈಲ್‌ನಲ್ಲಿ ಏನು ಉಳಿದಿದೆ ಅಂತ ನೋಡಲು ಇದು ಸಾಕು:

```
exiftool -XMP-xmpRights:all -XMP-dc:Creator -XMP-dc:Rights -EXIF:Artist -EXIF:Copyright -IPTC:By-line -IPTC:CopyrightNotice -IPTC:Credit photo.jpg
```

ಹೆಸರಿದ್ದರೆ ಒಳ್ಳೆಯದು, ಹುಡುಕಲು ಒಂದು ದಾರಿ ಸಿಕ್ಕಿತು. ಅನುಮತಿ ಇದೆಯೋ ಇಲ್ಲವೋ ಅನ್ನುವುದನ್ನು ಇದು ಹೇಳುವುದಿಲ್ಲ.

ನೆರಳುಬೆಳಕು

ಇನ್ನೊಂದು ತಮಾಷೆ ನೋಡಿ. ಇನ್ನೊಬ್ಬರ ಟೆಂಪ್ಲೇಟ್‌ನಲ್ಲಿ ಕ್ರೆಡಿಟ್ ಇತ್ತು, ಕೊನೆಯ ಸಾಲಿನಲ್ಲಿ. ಎಕ್ಸ್‌ಗೆ ಕಳಿಸುವಾಗ 280 ಅಕ್ಷರಕ್ಕೆ ಸ್ಕ್ರಿಪ್ಟ್ ಕತ್ತರಿಸುತ್ತಿತ್ತು. ಮೊದಲು ಕತ್ತರಿಸಿಹೋಗುವುದು ಕೊನೆಯ ಸಾಲೇ ತಾನೇ! ಇನ್‌ಸ್ಟಾಗ್ರಾಮ್‌ನಲ್ಲಿ ಕ್ರೆಡಿಟ್ ಸರಿಯಾಗಿ ಕಾಣುತ್ತಿತ್ತು, ಎಕ್ಸ್‌ನಲ್ಲಿ ಇಲ್ಲ. ಅವರು ನೋಡುತ್ತಿದ್ದದ್ದು ಇನ್‌ಸ್ಟಾಗ್ರಾಮ್ ಮಾತ್ರ.

ಕರಾರುಪತ್ರ

ನೆರಳುಬೆಳಕು ಸರ್ ಹೇಳಿದ್ದು ತುಂಬಾ ಮುಖ್ಯ. ಕ್ರೆಡಿಟ್ ಕ್ಯಾಪ್ಷನ್‌ನ ಭಾಗ ಅಂತ ಇಟ್ಟುಕೊಂಡರೆ ಕ್ಯಾಪ್ಷನ್ ಬದಲಾದ ದಿನ ಅದೂ ಹೋಗುತ್ತದೆ. ಅದು ಫೋಟೋದ ಭಾಗ ಅಂತ ಇಟ್ಟುಕೊಳ್ಳಬೇಕು. ಮೊದಲು ಕ್ರೆಡಿಟ್‌ಗೆ ಜಾಗ ಬಿಟ್ಟು, ಉಳಿದ ಅಕ್ಷರಗಳಲ್ಲಿ ಕ್ಯಾಪ್ಷನ್ ಬರೆಯಲಿ.

ಸಿಸಿ 4.0ರಲ್ಲಿ ಕ್ರೆಡಿಟ್ ಬಿಟ್ಟರೆ ಲೈಸೆನ್ಸ್ ಆ ಕ್ಷಣವೇ ರದ್ದಾಗುತ್ತದೆ. ಆದರೆ ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ತಾನಾಗಿ ಮರಳಿ ಬರುತ್ತದೆ. 4.0 ಬಂದದ್ದು 2013ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಸಾಮಾನ್ಯ ಆವೃತ್ತಿಗಳಲ್ಲಿ ಈ ರಿಯಾಯಿತಿ ಇಲ್ಲ. ಆದ್ದರಿಂದ "ಸಿಸಿ ಬಿವೈ" ಅಂತ ಮಾತ್ರ ಬರೆದಿಟ್ಟರೆ ಸಾಲದು, ಆವೃತ್ತಿಯೂ ಬೇಕು. ಅಕ್ಕಪಕ್ಕ ಕತ್ತರಿಸಿದರೆ ಬದಲಾವಣೆ ಮಾಡಿದ್ದೇವೆ ಅಂತಲೂ ಹೇಳಬೇಕು. ನಿಮ್ಮ ಸ್ಕ್ರಿಪ್ಟ್ ಪ್ರತಿ ಸಲ ಕತ್ತರಿಸುತ್ತದೆ ಅಲ್ವಾ?

ಭೈರವಿಮಿಕ್ಸ್

ಇದೇ ಕಾರಣಕ್ಕೆ ನಾವು ಸಬ್‌ಸ್ಕ್ರಿಪ್ಷನ್ ಗೋಜಿಗೇ ಹೋಗಿಲ್ಲ. ಸಿಸಿ ಮ್ಯೂಸಿಕ್ ಮಾತ್ರ ಬಳಸುತ್ತೇವೆ. ಸಿಸಿ ಲೈಸೆನ್ಸನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಇವತ್ತು ಸಿಸಿ ಆದರೆ ಹತ್ತು ವರ್ಷ ಬಿಟ್ಟೂ ಸಿಸಿ. ಆಟೊಮೇಷನ್‌ಗೆ ಇದಕ್ಕಿಂತ ಸುಲಭ ಇಲ್ಲ. ಟ್ರ್ಯಾಕ್‌ಗೆ ನಾವು ಕೈಯನ್ನೂ ಹಚ್ಚುವುದಿಲ್ಲ, ಇದ್ದ ಹಾಗೇ ಹಾಕುತ್ತೇವೆ. ಹಾಗಾಗಿ ಎನ್‌ಡಿ ಇದ್ದರೂ ಪರವಾಗಿಲ್ಲ.

ಕರಾರುಪತ್ರ

ಮೊದಲರ್ಧ ಸರಿ, ಕೊನೆಯ ಮಾತು ಅಪಾಯ. ಎನ್‌ಡಿ ಅಂದರೆ ಬದಲಿಸಿ ಹಂಚುವಂತಿಲ್ಲ. ಫೋಟೋಗೆ ಅದು ಕತ್ತರಿಸಿದರೆ, ಬಣ್ಣ ಬದಲಿಸಿದರೆ ಅನ್ನುವ ಪ್ರಶ್ನೆ. ಮ್ಯೂಸಿಕ್‌ಗೆ ಬೇರೆ ನಿಯಮ ಇದೆ. ಸಂಗೀತವನ್ನು ಚಲಿಸುವ ಚಿತ್ರದ ಜೊತೆ ಸಮಯಕ್ಕೆ ಹೊಂದಿಸಿ ಕೂರಿಸಿದರೆ, ಅದು ಯಾವಾಗಲೂ ಬದಲಾವಣೆಯೇ ಅಂತ ಲೈಸೆನ್ಸ್ ಪಠ್ಯವೇ ಹೇಳುತ್ತದೆ. ಟ್ರ್ಯಾಕ್‌ನ ಒಂದು ಸೆಕೆಂಡನ್ನೂ ನೀವು ಮುಟ್ಟಿರದಿದ್ದರೂ ಅಷ್ಟೇ. ಅಂದರೆ ಎನ್‌ಡಿ ಟ್ರ್ಯಾಕನ್ನು ವಿಡಿಯೋಗೆ ಹಾಕಿ ಪೋಸ್ಟ್ ಮಾಡುವಂತಿಲ್ಲ. ಎಸ್‌ಎ ಟ್ರ್ಯಾಕ್ ಹಾಕಿದರೆ ನಿಮ್ಮ ವಿಡಿಯೋವನ್ನೂ ಅದೇ ಲೈಸೆನ್ಸ್‌ನಲ್ಲಿ ಬಿಡಬೇಕು.

ಎನ್‌ಸಿ, ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ ಅಂತ ಇದ್ದರೆ ಇನ್ನೊಂದು. ಚೆನ್ನಾಗಿ ಓಡಿದ ಹಳೆ ಪೋಸ್ಟನ್ನು ತಾನಾಗಿಯೇ ದುಡ್ಡು ಹಾಕಿ ಬೂಸ್ಟ್ ಮಾಡುವ ನಿಯಮ ನಿಮ್ಮ ಟೂಲ್‌ನಲ್ಲಿ ಇದ್ದರೆ, ಅದನ್ನು ಈ ಫೈಲ್‌ಗಳಿಗೆ ಆಫ್ ಮಾಡಿ.

ಭೈರವಿಮಿಕ್ಸ್

ಇದು ಗೊತ್ತಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಎನ್‌ಡಿ ಟ್ರ್ಯಾಕ್ ಜಾಸ್ತಿಯೇ ಇವೆ. ಸ್ಥಿರ ಫೋಟೋ ಒಂದನ್ನೇ ಇಟ್ಟು ಕೆಳಗೆ ಟ್ರ್ಯಾಕ್ ಓಡಿಸಿದರೆ? ಚಿತ್ರ ಚಲಿಸುವುದೇ ಇಲ್ಲವಲ್ಲ.

ಕರಾರುಪತ್ರ

ಅದರಲ್ಲಿ ವಾದಕ್ಕೆ ಜಾಗ ಇದೆ. ನನ್ನನ್ನು ಕೇಳಿದರೆ ಆ ವಾದದ ಮೇಲೆ ಆಟೊಮೇಷನ್ ಓಡಿಸುವುದಿಲ್ಲ.

ಹಳೇಕ್ಯೂ

ಇಷ್ಟೂ ಓದಿ ಆ ನೆಬ್ಯುಲಾ ವಿಡಿಯೋವನ್ನು ಬಿಚ್ಚಿ ನೋಡಿದೆ. ಅದರಲ್ಲಿ ಇರುವುದು ಇಷ್ಟು:

ಹಿನ್ನೆಲೆಯ ಟ್ರ್ಯಾಕ್, ಸಬ್‌ಸ್ಕ್ರಿಪ್ಷನ್‌ನದು. ಯುರೋಪಿಯನ್ ಸದರ್ನ್ ಅಬ್ಸರ್ವೇಟರಿ, ಅಂದರೆ ಇಎಸ್‌ಒ ಸೈಟ್‌ನ ಒಂದು ಫೋಟೋ. ದಿನಕ್ಕೊಂದು ಖಗೋಳ ಚಿತ್ರ ಹಾಕುವ ನಾಸಾದ ಎಪಿಒಡಿ ಪುಟದಿಂದ ಒಂದು ಫೋಟೋ. ಮತ್ತೆ ನಮ್ಮವರದ್ದೇ ದನಿ.

ನಾಸಾದ್ದು ಅಂದರೆ ಕಾಪಿರೈಟ್ ಇಲ್ಲ, ಅದನ್ನು ಬಿಡಬಹುದು ಅಲ್ವಾ? ಇಎಸ್‌ಒ ಏನು ಹೇಳುತ್ತದೆ ನೋಡಬೇಕು.

ನೆರಳುಬೆಳಕು

ಬಿಡಬೇಡಿ, ಅಲ್ಲೇ ಎಲ್ಲರೂ ಎಡವುವುದು. ನಾಸಾದವರೇ ತೆಗೆದ ಚಿತ್ರಗಳಿಗೆ ಸಾಮಾನ್ಯವಾಗಿ ಕಾಪಿರೈಟ್ ಇಲ್ಲ, ನಿಜ. ಆದರೆ ಎಪಿಒಡಿಯಲ್ಲಿ ಬರುವ ಎಷ್ಟೋ ಫೋಟೋಗಳು ನಮ್ಮಂಥವರು ತೆಗೆದವು. ಚಿತ್ರದ ಕೆಳಗೆ ಹೆಸರಿನ ಹಿಂದೆ "Copyright" ಅಂತ ಇದೆಯಾ ನೋಡಿ. ಇದ್ದರೆ ಅದು ಆ ಫೋಟೋಗ್ರಾಫರ್‌ದು. ನಾಸಾ ಪುಟದಲ್ಲಿ ಕಂಡ ಮಾತ್ರಕ್ಕೆ ನಾಸಾದ್ದಾಗುವುದಿಲ್ಲ.

ಇಎಸ್‌ಒ ಚಿತ್ರಗಳು ಸಾಮಾನ್ಯವಾಗಿ ಸಿಸಿ ಬಿವೈ 4.0. ಅವರು ಕ್ರೆಡಿಟ್ ಬಗ್ಗೆ ಸ್ಪಷ್ಟವಾಗಿ ಬರೆದಿದ್ದಾರೆ: ಪೂರ್ತಿ ಕ್ರೆಡಿಟ್, ಇದ್ದ ಮಾತಿನಲ್ಲೇ, ಓದಲು ಆಗುವಂತೆ ಇರಬೇಕು, ಚಿತ್ರದಿಂದ ದೂರ ಮಾಡಬಾರದು. ಹಾಗಾಗಿ "ಕ್ರೆಡಿಟ್‌ಗಳಿಗೆ ಪ್ರೊಫೈಲ್ ಲಿಂಕ್ ನೋಡಿ" ಅನ್ನುವ ಜಾಣತನ ಇಲ್ಲಿ ನಡೆಯುವುದಿಲ್ಲ. ವಿಡಿಯೋದಲ್ಲಿ ಆ ಫೋಟೋ ಇರುವಷ್ಟು ಹೊತ್ತು ಮೂಲೆಯಲ್ಲಿ ಬರೆದುಬಿಡಿ. ಆಗ ಕ್ಯಾಪ್ಷನ್ ಏನಾದರೂ ಆಗಲಿ, ಕ್ರೆಡಿಟ್ ಫೋಟೋ ಜೊತೆಗೇ ಹೋಗುತ್ತದೆ. ಆದರೆ ನೀವು ಅಕ್ಕಪಕ್ಕ ಕತ್ತರಿಸುವಾಗ ಆ ಮೂಲೆಯೇ ಹೋಗದಂತೆ ನೋಡಿಕೊಳ್ಳಿ!

ಹಳೇಕ್ಯೂ

ನೋಡಿದೆ ಸರ್. "Copyright" ಅಂತ ಇದೆ. ಹಳೆ ಮೇಲ್ ಹುಡುಕಿದರೆ ಆ ಫೋಟೋಗ್ರಾಫರ್ 2021ರಲ್ಲಿ ಕೊಟ್ಟ ಅನುಮತಿಯೂ ಸಿಕ್ಕಿತು. "ನಿಮ್ಮ ಈ ವಿಡಿಯೋಗೆ ಬಳಸಿಕೊಳ್ಳಿ, ಹೆಸರು ಹಾಕಿ" ಅಂತ ಒಂದೇ ಸಾಲು. ಇದು ಮತ್ತೆ ಪೋಸ್ಟ್ ಮಾಡುವುದಕ್ಕೂ ಆಗುತ್ತದಾ?

ಸೀದಾಸಾದಾ

ವಿಡಿಯೋಗೆ ಅಂದರಲ್ಲ. ವಿಡಿಯೋ ಅದೇ. ಆಗುತ್ತದೆ.

ನೆರಳುಬೆಳಕು

ನಾನು ಹಾಗೆ ಬರೆದಿದ್ದರೆ ಒಂದು ಸಲಕ್ಕೆ ಅಂತಲೇ ಅರ್ಥ. ವರ್ಷಕ್ಕೆರಡು ಸಲ ಎಲ್ಲ ಕಡೆ ಓಡಿಸುತ್ತೀರಿ ಅಂತ ನನಗೆ ಆಗ ಹೇಗೆ ಗೊತ್ತಾಗಬೇಕು?

ಕರಾರುಪತ್ರ

ಇಬ್ಬರೂ ಹೇಳುವುದರಲ್ಲಿ ಅರ್ಥ ಇದೆ, ಆ ಒಂದು ಸಾಲು ಎರಡೂ ಕಡೆಗೆ ಎಳೆಯುತ್ತದೆ. ಇಂಥದ್ದಕ್ಕೆ ವಾದ ಮಾಡುವುದಕ್ಕಿಂತ ಒಂದು ಮೇಲ್ ಬರೆಯುವುದು ಸುಲಭ. ಬರೆಯುವಾಗ ಯಾವ ಯಾವ ಜಾಲತಾಣ, ಮತ್ತೆ ಮತ್ತೆ ಪೋಸ್ಟ್ ಆಗುತ್ತದೆ, ಉದ್ದಕ್ಕೆ ಕತ್ತರಿಸುತ್ತೇವೆ, ಬೂಸ್ಟ್ ಮಾಡುವುದಿಲ್ಲ, ಇಷ್ಟನ್ನೂ ಹೇಳಿ ಕೇಳಿ. ಉತ್ತರ ಬರುವ ತನಕ ಆ ವಿಡಿಯೋ ಕ್ಯೂನಿಂದ ಹೊರಗಿರಲಿ.

ಕ್ರಾನ್‌ಜಾಬ್

ಈಗ ಸ್ಕ್ರಿಪ್ಟ್ ಕಡೆ ಬರೋಣ. ತೊಂದರೆಯ ಬೇರು ಏನೆಂದರೆ, ಸ್ಕ್ರಿಪ್ಟ್‌ಗೆ ವಿಡಿಯೋ ಒಂದೇ ವಸ್ತು. ಲೈಸೆನ್ಸ್‌ಗೆ ಅದು ನಾಲ್ಕು ವಸ್ತು. ರೆಂಡರ್ ಆದ mp4 ನೋಡಿ ಒಳಗೆ ಏನೇನಿದೆ ಅಂತ ಹೇಳಲು ಆಗುವುದಿಲ್ಲ. ಆದ್ದರಿಂದ ಯಾವ ಪೋಸ್ಟ್‌ನಲ್ಲಿ ಯಾವ ಯಾವ ವಸ್ತು ಇದೆ ಅನ್ನುವ ಒಂದು ಟೇಬಲ್, ಪ್ರತಿ ವಸ್ತುವಿನ ಲೈಸೆನ್ಸ್ ಏನು, ಯಾವತ್ತಿನವರೆಗೆ ಅನ್ನುವ ಇನ್ನೊಂದು ಟೇಬಲ್ ಇಟ್ಟುಕೊಳ್ಳಿ. ತಪಾಸಣೆ ಇಷ್ಟೇ:

```
SELECT u.asset_id, l.license, l.ends_on
FROM uses u
LEFT JOIN licenses l ON l.asset_id = u.asset_id
WHERE u.post_id = :post
  AND (l.asset_id IS NULL
       OR l.ends_on < :publish_at);
```

ಒಂದು ಸಾಲು ಬಂದರೂ ಪೋಸ್ಟ್ ನಿಲ್ಲಬೇಕು. ಕೊನೆಯ ದಿನ ಇಲ್ಲದ ಲೈಸೆನ್ಸ್‌ಗೆ `ends_on` ಖಾಲಿ ಬಿಡಿ, ಅದು ಪಾಸಾಗುತ್ತದೆ. ಲೈಸೆನ್ಸ್ ದಾಖಲೆಯೇ ಇಲ್ಲದ ವಸ್ತು ಸಿಕ್ಕಿಬೀಳುತ್ತದೆ.

ಎರಡು ಕಡೆ ಎಚ್ಚರ ಬೇಕು. ಒಂದು, `:publish_at` ಅಂದರೆ ಪೋಸ್ಟ್ ಹೊರಗೆ ಹೋಗುವ ದಿನ. ಶೆಡ್ಯೂಲ್ ಮಾಡಿದ ದಿನ ಅಲ್ಲ. ಎಷ್ಟೋ ಜನ ಕ್ಯೂಗೆ ಸೇರಿಸುವಾಗ ಒಮ್ಮೆ ನೋಡಿ ಬಿಡುತ್ತಾರೆ. ಎರಡು ತಿಂಗಳ ಕ್ಯೂ ತುಂಬಿಸಿ, ಮರುವಾರ ಸಬ್‌ಸ್ಕ್ರಿಪ್ಷನ್ ನಿಲ್ಲಿಸಿದರೆ ಉಳಿದದ್ದೆಲ್ಲ ಲೈಸೆನ್ಸ್ ಇಲ್ಲದೇ ಹೊರಗೆ ಹೋಗುತ್ತದೆ. ಕ್ಯೂಗೆ ಸೇರಿಸುವಾಗಲೂ ನೋಡಿ, ಕಳಿಸುವ ಮುನ್ನವೂ ನೋಡಿ. ಶೆಡ್ಯೂಲಿಂಗನ್ನು ಜಾಲತಾಣಕ್ಕೇ ಒಪ್ಪಿಸಿಬಿಟ್ಟಿದ್ದರೆ ಎರಡನೇ ತಪಾಸಣೆಗೆ ಅವಕಾಶವೇ ಇರುವುದಿಲ್ಲ. ಅಂಥ ಕಡೆ ದೂರದ ದಿನಾಂಕ ಹಾಕಬೇಡಿ.

ಎರಡು, `uses` ಟೇಬಲ್‌ನಲ್ಲಿ ಆ ಪೋಸ್ಟ್ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ಈ ಕ್ವೆರಿ ಖಾಲಿ ಬರುತ್ತದೆ. ಖಾಲಿ ಅಂದರೆ ಪಾಸು! ಅಂದರೆ ಏನೂ ಬರೆದಿಡದ ವಿಡಿಯೋನೇ ಸಲೀಸಾಗಿ ಹೋಗುತ್ತದೆ. ಆದ್ದರಿಂದ ಮೊದಲು `uses`ನಲ್ಲಿ ಸಾಲುಗಳಿವೆಯೇ ಅಂತ ನೋಡಿ, ಇಲ್ಲದಿದ್ದರೆ ತಡೆಯಿರಿ.

ಭೈರವಿಮಿಕ್ಸ್

ಟೇಬಲ್ ಚೆನ್ನಾಗಿದೆ. ಆದರೆ 2021ರಿಂದ ಇರುವ ವಿಡಿಯೋಗಳಲ್ಲಿ ಯಾವ ಟ್ರ್ಯಾಕ್ ಇದೆ ಅಂತ ಯಾರಿಗೆ ನೆನಪಿರುತ್ತದೆ? ಒಂದೊಂದೇ ಕೂತು ಕೇಳಬೇಕಾ? ನಾನು ಸದ್ದಿನ ಫಿಂಗರ್‌ಪ್ರಿಂಟ್ ತೆಗೆಯುವ `fpcalc` ಓಡಿಸಿ ನೋಡಿದೆ. ಮ್ಯೂಸಿಕ್ ಫೋಲ್ಡರ್‌ನ ಟ್ರ್ಯಾಕ್‌ಗಳ ಫಿಂಗರ್‌ಪ್ರಿಂಟ್ ಜೊತೆ ಹೋಲಿಸಬಹುದು ಅಂತ. ದನಿ ಇಲ್ಲದ ವಿಡಿಯೋಗಳಲ್ಲಿ ಸಿಕ್ಕಿತು. ಮೇಲೆ ಮಾತು ಇದ್ದರೆ ಹೆಚ್ಚಿನವು ಸಿಗಲಿಲ್ಲ.

ಕ್ರಾನ್‌ಜಾಬ್

ಅದನ್ನು ಮಾಡಿರುವುದು ಪೂರ್ತಿ ಟ್ರ್ಯಾಕ್ ಗುರುತಿಸಲು. ಸುಮ್ಮನೆ ಓಡಿಸಿದರೆ ಮೊದಲ 120 ಸೆಕೆಂಡ್ ಮಾತ್ರ ನೋಡುತ್ತದೆ. ಮಾತಿನ ಕೆಳಗೆ ಮೆಲ್ಲಗೆ ಓಡುವ, ನಡುವಿನಿಂದ ಕತ್ತರಿಸಿದ ಮ್ಯೂಸಿಕ್‌ಗೆ ಅದು ತಕ್ಕದ್ದಲ್ಲ.

ಎಡಿಟಿಂಗ್ ಪ್ರಾಜೆಕ್ಟ್ ಫೈಲ್ ಉಳಿದಿದ್ದರೆ ಅದೇ ಬಂಗಾರ. ಪ್ರೀಮಿಯರ್‌ನ `.prproj` ಅಂದರೆ ಜಿಝಿಪ್ ಮಾಡಿದ ಎಕ್ಸ್‌ಎಂಎಲ್, ಅಷ್ಟೇ. ಪ್ರೀಮಿಯರ್ ಇಲ್ಲದೆಯೂ ಒಳಗಿನ ಫೈಲ್ ಹೆಸರು ಎತ್ತಬಹುದು:

```
gzip -dc nebula.prproj | grep -oiE '[^<>]+\.(mp3|wav|jpe?g|png)' | sort -u
```

ಕೆಡೆನ್‌ಲೈವ್ ಫೈಲ್ ನೇರವಾಗಿ ಎಕ್ಸ್‌ಎಂಎಲ್, `gzip` ಕೂಡ ಬೇಕಿಲ್ಲ. ಒಂದು ಮಾತು: ಪ್ರಾಜೆಕ್ಟ್‌ಗೆ ತಂದು ಆಮೇಲೆ ಬಳಸದೇ ಬಿಟ್ಟ ಫೈಲ್‌ಗಳೂ ಪಟ್ಟಿಯಲ್ಲಿ ಬರುತ್ತವೆ. ಹೆಚ್ಚಿಗೆ ಬಂದರೆ ತೊಂದರೆ ಇಲ್ಲ, ಕಡಿಮೆ ಬಂದರೆ ತೊಂದರೆ.

ಹಳೇಕ್ಯೂ

ಇದು ಕೆಲಸ ಮಾಡಿತು! ಹೆಚ್ಚಿನ ವಿಡಿಯೋಗಳ ಪ್ರಾಜೆಕ್ಟ್ ಫೈಲ್ ಹಳೆ ಡಿಸ್ಕ್‌ನಲ್ಲಿ ಇದ್ದವು. ಫೈಲ್ ಹೆಸರಲ್ಲೇ ಲೈಬ್ರರಿಯ ಗುರುತು ಇದ್ದದ್ದರಿಂದ ಸಬ್‌ಸ್ಕ್ರಿಪ್ಷನ್ ಟ್ರ್ಯಾಕ್‌ಗಳು ಕೂಡಲೇ ಗೊತ್ತಾದವು. ಅವಕ್ಕೆಲ್ಲ `ends_on` 2024ರ ಮಾರ್ಚ್ ಹಾಕಿದೆ. ಕ್ಯೂ ಅರ್ಧಕ್ಕಿಂತ ಜಾಸ್ತಿ ನಿಂತುಹೋಯಿತು.

ಉಚಿತ ಫೋಟೋ ಸೈಟ್‌ಗಳಿಂದ ಇಳಿಸಿದವೂ ತುಂಬಾ ಇವೆ. ಆ ಪುಟಗಳಲ್ಲಿ ಕೆಲವು ಈಗ ಇಲ್ಲವೇ ಇಲ್ಲ. ಅವಕ್ಕೆ ಏನು ಬರೆಯಲಿ?

ಕರಾರುಪತ್ರ

ನೀವು ಇಳಿಸಿಕೊಂಡ ದಿನ ಅಲ್ಲಿ ಯಾವ ಲೈಸೆನ್ಸ್ ಇತ್ತೋ ಅದು ಮುಖ್ಯ. ಸೈಟ್‌ಗಳು ನಿಯಮ ಬದಲಿಸುತ್ತವೆ. ಅನ್‌ಸ್ಪ್ಲಾಶ್ 2017ರ ಜೂನ್‌ವರೆಗೆ ಯಾವ ಷರತ್ತೂ ಇಲ್ಲದ ಸಿಸಿ ಝೀರೊ ಇತ್ತು, ಆಮೇಲೆ ತನ್ನದೇ ಲೈಸೆನ್ಸ್ ಮಾಡಿಕೊಂಡಿತು. ಪಿಕ್ಸಾಬೇ 2019ರ ಜನವರಿಯಲ್ಲಿ ಹಾಗೇ ಮಾಡಿತು. ನಿಮ್ಮದು 2021ರಿಂದ ಈಚೆಗಿನವು, ಹಾಗಾಗಿ ಆ ಸೈಟ್‌ಗಳದ್ದೇ ಲೈಸೆನ್ಸ್ ಅನ್ವಯ. ಎರಡರಲ್ಲೂ ಕ್ರೆಡಿಟ್ ಕಡ್ಡಾಯ ಅಲ್ಲ.

ಪುಟ ಕಾಣೆಯಾದವುಗಳ ಬಗ್ಗೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಹಾಕಿದವರು ಸುಮ್ನೆ ತೆಗೆದಿರಬಹುದು. ಬೇರೆಯವರ ಫೋಟೋ ಕದ್ದು ಹಾಕಿದ್ದು, ಸೈಟ್‌ನವರು ತೆಗೆದಿರಲೂಬಹುದು. ಕದ್ದದ್ದಾದರೆ ಸೈಟ್ ಕೊಟ್ಟ ಲೈಸೆನ್ಸ್ ನಿಮ್ಮನ್ನು ಕಾಪಾಡುವುದಿಲ್ಲ. ಅಂಥ ಫೋಟೋಗಳನ್ನು ಬದಲಿಸುವುದೇ ವಾಸಿ, ಆಕಾಶದ ಚಿತ್ರಕ್ಕೇನು ಬರವೇ? ಇನ್ನು ಮುಂದೆ ಇಳಿಸುವಾಗ ಲೈಸೆನ್ಸ್ ಕಾಣುವಂತೆ ಆ ಪುಟವನ್ನು ದಿನಾಂಕದ ಸಮೇತ ಪಿಡಿಎಫ್ ಮಾಡಿಟ್ಟುಕೊಳ್ಳಿ. ಸಿಸಿ ವಾಪಸ್ ಆಗುವುದಿಲ್ಲ ಅಂತ ಭೈರವಿಮಿಕ್ಸ್ ಹೇಳಿದ್ದು ಸರಿ, ಆದರೆ ಆ ದಿನ ಸಿಸಿ ಇತ್ತು ಅಂತ ತೋರಿಸಬೇಕಾದವರು ನೀವು.

ರೀಲ್‌ರಾಣಿ

ನಾನು ಮಧ್ಯೆ ಬಂದೆ ಅಂತ ಬೇಜಾರಾಗಬೇಡಿ. ಟ್ರ್ಯಾಕ್‌ದೇ ತೊಂದರೆ ಅಂದರೆ ಯೂಟ್ಯೂಬ್‌ನವರ ಆಡಿಯೋ ಲೈಬ್ರರಿಯಿಂದ ಒಂದು ಟ್ರ್ಯಾಕ್ ಹಾಕಿ ಮತ್ತೆ ರೆಂಡರ್ ಮಾಡಿದರೆ ಆಗಲ್ವಾ?

ಕ್ರಾನ್‌ಜಾಬ್

ಆಗುತ್ತದೆ, ಪ್ರಾಜೆಕ್ಟ್‌ನಲ್ಲಿ ದನಿ ಬೇರೆ ಟ್ರ್ಯಾಕ್‌ನಲ್ಲಿ ಇದ್ದರೆ. ಅಲ್ಲಿಯ ಕೆಲವು ಟ್ರ್ಯಾಕ್‌ಗಳು ಸಿಸಿ ಬಿವೈ, ಅವಕ್ಕೆ ಕ್ರೆಡಿಟ್ ಹಾಕಲೇಬೇಕು. ಅದೇ ವಿಡಿಯೋ ಬೇರೆ ಜಾಲತಾಣಕ್ಕೂ ಹೋಗುವುದಾದರೆ ಅದರ ನಿಯಮ ಮೊದಲೇ ಓದಿ.

ಹಳೇಕ್ಯೂ

ದನಿ ಬೇರೆಯೇ ಇದೆ. ನೆಬ್ಯುಲಾ ವಿಡಿಯೋಗೆ ಟ್ರ್ಯಾಕ್ ಬದಲಿಸಿ, ಇಎಸ್‌ಒ ಕ್ರೆಡಿಟನ್ನು ಫೋಟೋ ಮೇಲೇ ಬರೆದು ರೆಂಡರ್ ಮಾಡಿದ್ದೇನೆ. ಉದ್ದಕ್ಕೆ ಕತ್ತರಿಸಿದರೂ ಉಳಿಯುವ ಹಾಗೆ ಕೆಳಗಡೆ ನಡುವಿಗೆ ತಂದೆ. ಕ್ಲೇಮ್ ಬಂದ ಅಪ್‌ಲೋಡನ್ನು ನಾವೇ ತೆಗೆದೆವು, 2022ರದ್ದು ಹಾಗೇ ಇದೆ. ಎಪಿಒಡಿ ಫೋಟೋಗ್ರಾಫರ್‌ಗೆ ಮೇಲ್ ಹೋಗಿದೆ, ಉತ್ತರ ಬಂದಿಲ್ಲ. ಟೇಬಲ್‌ನಲ್ಲಿ ಆ ಫೋಟೋಗೆ ಲೈಸೆನ್ಸ್ ಸಾಲೇ ಇಲ್ಲ, ಹಾಗಾಗಿ ವಿಡಿಯೋ ತಡೆಯಲ್ಲೇ ಇದೆ.

ಒಂದು ಪ್ರಶ್ನೆ ಉಳಿಯಿತು. ಸಬ್‌ಸ್ಕ್ರಿಪ್ಷನ್ ಮತ್ತೆ ಶುರು ಮಾಡಿ, ಒಂದೇ ತಿಂಗಳಲ್ಲಿ ಎಲ್ಲವನ್ನೂ ಅಪ್‌ಲೋಡ್ ಮಾಡಿ, ಪ್ರೈವೇಟ್ ಇಟ್ಟು, ಆಮೇಲೆ ವರ್ಷಪೂರ್ತಿ ಒಂದೊಂದಾಗಿ ಪಬ್ಲಿಕ್ ಮಾಡಿದರೆ?

ಸೀದಾಸಾದಾ

ಇದು ಒಳ್ಳೆ ಐಡಿಯಾ. ಅಪ್‌ಲೋಡ್ ಆದ ದಿನ ಲೈಸೆನ್ಸ್ ಇತ್ತಲ್ಲ!

ಕರಾರುಪತ್ರ

ಪಬ್ಲಿಷ್ ಅಂದರೆ ಜನರಿಗೆ ಕಾಣುವ ದಿನ ಅಂತಲೇ ನಾನು ಓದುತ್ತೇನೆ. ಪ್ರೈವೇಟ್ ಇಟ್ಟದ್ದು ಯಾರಿಗೂ ಕಂಡಿಲ್ಲ. ಆದರೆ ಎಲ್ಲ ಕರಾರಿನಲ್ಲೂ ಆ ಪದವನ್ನು ಒಂದೇ ರೀತಿ ವಿವರಿಸಿರುವುದಿಲ್ಲ. ನಿಮ್ಮ ಲೈಬ್ರರಿಯವರಿಗೆ ಬರೆದೇ ಕೇಳಿ, ಅವರ ಉತ್ತರವನ್ನು ಲೈಸೆನ್ಸ್ ಟೇಬಲ್ ಜೊತೆ ಇಟ್ಟುಕೊಳ್ಳಿ.

ಭೈರವಿಮಿಕ್ಸ್

ಉತ್ತರ ಬಂದರೆ ಇಲ್ಲೂ ಹಾಕಿ. ನಮ್ಮ ಎನ್‌ಡಿ ಟ್ರ್ಯಾಕ್‌ಗಳ ಜಾಗಕ್ಕೆ ಏನಾದರೂ ಹುಡುಕಬೇಕು, ಸಬ್‌ಸ್ಕ್ರಿಪ್ಷನ್ ಕಡೆಯೇ ನೋಡಬೇಕೇನೋ ಅನಿಸುತ್ತಿದೆ.